ರಾತ್ರಿ ಒಂಬತ್ತೂವರೆಗೆ ಕರೆಂಟು ಕಡಿಯುವವರು ಯಾರು?



ಈ ಸಲದ ಪತ್ರಿಕೆಗೆ ತೋಟದ ಬಸಿಗಾಲುವೆಯ ವಿಷಯ ಬರೆಯುವುದೆಂದು ಗೊತ್ತುಮಾಡಿಕೊಂಡಿದ್ದೆ. ಅದನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಕಾರಣ, ಕಳೆದ ತಿಂಗಳಲ್ಲಿ ನಮ್ಮ ಸದಸ್ಯರು ಮೂವರು ಒಂದೇ ಬಗೆಯ ಮೊಬೈಲ್ ಸಂದೇಶವನ್ನು ತೋರಿಸಲು ಸಂಘದ ಕಚೇರಿಗೆ ಬಂದರು. ನಾಲ್ಕನೆಯವರು ಬಂದಾಗ ತೋರಿಸುವುದಕ್ಕೆ ಸಂದೇಶ ಇತ್ತು, ಖಾತೆಯಲ್ಲಿ ಹಣ ಇರಲಿಲ್ಲ.

ಸಂದೇಶ ಇಂಗ್ಲಿಷಿನಲ್ಲಿತ್ತು. ಅದರ ತಾತ್ಪರ್ಯ ಹೀಗೆ: "ಮಾನ್ಯ ಗ್ರಾಹಕರೇ, ನಿಮ್ಮ ಹಿಂದಿನ ತಿಂಗಳ ಬಿಲ್ಲು ಅಪ್‌ಡೇಟ್ ಆಗಿಲ್ಲ. ಆದ್ದರಿಂದ ಇಂದು ರಾತ್ರಿ 9.30ಕ್ಕೆ ವಿದ್ಯುತ್ ಕಚೇರಿಯಿಂದ ನಿಮ್ಮ ಸಂಪರ್ಕ ಕಡಿಯಲಾಗುವುದು. ಕೂಡಲೇ ನಮ್ಮ ವಿದ್ಯುತ್ ಅಧಿಕಾರಿಯನ್ನು ಈ ನಂಬರಿನಲ್ಲಿ ಸಂಪರ್ಕಿಸಿರಿ." ಕೆಳಗೆ ಹತ್ತಂಕಿಯ ಒಂದು ಮೊಬೈಲ್ ನಂಬರು. ಇದೇ ಒಕ್ಕಣೆ, ಇದೇ ಒಂಬತ್ತೂವರೆ, 2022ರಲ್ಲಿ ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ಮನೆಮನೆಗೆ ಬಂದಿತ್ತು. ಆಗಲೇ ವಿದ್ಯುತ್ ಕಂಪನಿಗಳೂ ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆಯೂ ಇದು ಸುಳ್ಳೆಂದು ಪ್ರಕಟಣೆ ಕೊಟ್ಟವು. ಪಟ್ಟಣದಲ್ಲಿ ಹಳತಾದ ಸರಕು ಈಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ತಿರುಗುತ್ತಿದೆ.

ಆ ನಾಲ್ಕನೆಯವರ ಸಂಗತಿಯನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ. ಕಿತ್ತೂರು ಕಡೆಯವರು, ಎರಡು ಎಕರೆ ಅಡಿಕೆ, ನಡುವೆ ಒಂದಿಷ್ಟು ಮೆಣಸು ಮತ್ತು ಕಾಫಿ. ಅಡಿಕೆ ಕೊಟ್ಟ ಹಣ ಆ ವಾರವೇ ಖಾತೆಗೆ ಬಂದಿತ್ತು. ಎರಡನೆಯ ಶನಿವಾರ ಸಂಜೆ ಏಳಕ್ಕೆ ಹತ್ತು ನಿಮಿಷ ಇರುವಾಗ ಸಂದೇಶ ಬಂತು. ವಿದ್ಯುತ್ ಕಚೇರಿಯ ಕೌಂಟರು ಮುಚ್ಚಿತ್ತು, ಬ್ಯಾಂಕು ಮುಚ್ಚಿತ್ತು, ಮಗ ಊರಲ್ಲಿರಲಿಲ್ಲ. ಮನೆಯ ಮೀಟರು ತೀರಿಹೋದ ತಂದೆಯ ಹೆಸರಿನಲ್ಲಿದೆ. ಕೊನೆಯ ಬಿಲ್ಲು ತುಂಬಿದ್ದು ಮಗನೋ ತಾವೋ ಎಂಬುದು ಅವರಿಗೆ ನೆನಪಿರಲಿಲ್ಲ. ಅವರು ನಂಬರಿಗೆ ಫೋನು ಹಚ್ಚಿದರು.

ಫೋನು ಎತ್ತಿದವನು ಅರೆಬರೆ ಕನ್ನಡ, ಉಳಿದದ್ದು ಹಿಂದಿ. ಬಹಳ ಮರ್ಯಾದೆಯಿಂದ ಮಾತಾಡಿದನಂತೆ. "ಬಿಲ್ಲು ನೀವು ಕಟ್ಟೀರಿ ಸರ್, ನಮ್ಮ ಸಿಸ್ಟಮ್‌ನಾಗ ಅಪ್‌ಡೇಟ್ ಆಗಿಲ್ಲ. ಬರೇ ಹತ್ತು ರೂಪಾಯಿ ಹಾಕ್ರಿ, ಅಪ್‌ಡೇಟ್ ಆಗತೈತಿ" ಎಂದ. ಇಲ್ಲಿಯೇ ಅವನ ಜಾಣತನ ಇರುವುದು. ಸಾವಿರ ಕೇಳಿದ್ದರೆ ನಮ್ಮ ಸದಸ್ಯರು ಜಗಳಕ್ಕೆ ನಿಲ್ಲುತ್ತಿದ್ದರು. ಹತ್ತು ರೂಪಾಯಿಗೆ ಯಾರು ಜಗಳ ಆಡುತ್ತಾರೆ?

ಹತ್ತು ರೂಪಾಯಿ ಹಾಕುವ ಮೊದಲು ಫೋನಿಗೆ ಒಂದು ಆ್ಯಪ್ ಇಳಿಸಿಕೊಳ್ಳಲು ಹೇಳಿದ. ಆ್ಯಪ್ ತೆರೆದಾಗ ಒಂಬತ್ತಂಕಿಯ ಒಂದು ಸಂಖ್ಯೆ ಕಂಡಿತು, ಅದನ್ನು ಓದಿ ಹೇಳಿಸಿಕೊಂಡ. ಆಮೇಲೆ "ಒಪ್ಪಿಗೆ" ಎಂಬ ಗುಂಡಿ ಒತ್ತಿಸಿದ. ಆ ಗಳಿಗೆಯಿಂದ ನಮ್ಮವರ ಫೋನಿನ ಪರದೆಯ ಮೇಲೆ ಕಾಣುವುದೆಲ್ಲ ಅವನ ಪರದೆಯ ಮೇಲೂ ಕಾಣಹತ್ತಿತು. ಎನಿಡೆಸ್ಕ್, ಟೀಮ್‌ವ್ಯೂವರ್ ಕ್ವಿಕ್ ಸಪೋರ್ಟ್ ಎಂಬಂಥ ಆ್ಯಪ್‌ಗಳು ಕೆಟ್ಟವಲ್ಲ. ದೂರದ ಗಣಕ ಕೆಟ್ಟರೆ ಕುಳಿತಲ್ಲಿಂದಲೇ ರಿಪೇರಿ ಮಾಡಲು ಹುಟ್ಟಿದಂಥವು. ಆದರೆ ತಿಜೋರಿಯ ಬೀಗ ತೆಗೆಯುವಾಗ ಪರಊರಿನವನನ್ನು ಹೆಗಲಮೇಲಿಂದ ಇಣುಕಿ ನೋಡಲು ಬಿಟ್ಟ ಹಾಗೆ ಆಯಿತು. ನಮ್ಮವರು ಹತ್ತು ರೂಪಾಯಿಗಾಗಿ ಕಾರ್ಡಿನ ನಂಬರು, ಅದರ ಹಿಂಬದಿಯ ಮೂರಂಕಿ ಒತ್ತಿದರು. ಅವನು ನೋಡಿಕೊಂಡ. ಆಮೇಲೆ ಬ್ಯಾಂಕಿನಿಂದ ಬಂದ ಓಟಿಪಿ ಪರದೆಯ ಮೇಲೆ ಮಿಂಚಿತು. ಅದನ್ನೂ ನೋಡಿಕೊಂಡ. ಕೇಳುವ ಅಗತ್ಯವೇ ಬೀಳಲಿಲ್ಲ. ಅದಕ್ಕೇ ನಮ್ಮ ಸದಸ್ಯರು ಈಗಲೂ "ನಾ ಯಾರಿಗೂ ಓಟಿಪಿ ಹೇಳಿಲ್ರೀ" ಎನ್ನುತ್ತಾರೆ. ಅದು ಖರೆ ಮಾತು. ಮೊದಲು 25,000, ಆರು ನಿಮಿಷದ ಮೇಲೆ 24,500. ಅವನು "ಅಪ್‌ಡೇಟ್ ಆಗಾಕತ್ತೈತಿ, ಫೋನ್ ಇಡಬ್ಯಾಡ್ರಿ" ಎಂದು ಮಾತಿನಲ್ಲಿ ಹಿಡಿದಿದ್ದರಿಂದ ಬ್ಯಾಂಕಿನ ಸಂದೇಶಗಳನ್ನು ಇವರು ಓದಲಿಲ್ಲ.

ಇತ್ತೀಚೆಗೆ ಕೆಲವು ಬ್ಯಾಂಕುಗಳ ಆ್ಯಪ್‌ಗಳು ಪರದೆ ಹಂಚಿಕೆ ನಡೆದಿದ್ದರೆ ತೆರೆಯುವುದೇ ಇಲ್ಲ. ಅದಕ್ಕೆ ಕಳ್ಳರೂ ದಾರಿ ಬದಲಿಸಿದ್ದಾರೆ. ವಾಟ್ಸಾಪಿನಲ್ಲಿ ಬಿಲ್ಲಿನ ಹೆಸರಿನ ಒಂದು ಫೈಲು ಕಳಿಸುತ್ತಾರೆ, ಹೆಸರಿನ ಕೊನೆಗೆ .apk ಎಂದಿರುತ್ತದೆ. ಅದು ಬಿಲ್ಲಲ್ಲ, ಅದೇ ಒಂದು ಆ್ಯಪ್. ಇಳಿಸಿಕೊಂಡು "ಸಂದೇಶ ಓದಲು ಅನುಮತಿ" ಎಂಬುದಕ್ಕೆ ಹೂಂ ಎಂದರೆ, ಅಲ್ಲಿಂದ ಮುಂದೆ ಬ್ಯಾಂಕಿನಿಂದ ಬರುವ ಓಟಿಪಿಗಳು ತಾವಾಗಿ ಅವನ ಕಡೆಗೆ ಹೋಗುತ್ತವೆ. ವಿದ್ಯುತ್ ಬಿಲ್ಲನ್ನು ಯಾವ ಕಂಪನಿಯೂ .apk ಫೈಲಾಗಿ ಕಳಿಸುವುದಿಲ್ಲ.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಈ ವಂಚನೆಯ ಬೇರು ಮೊಬೈಲಿನಲ್ಲಿ ಇಲ್ಲ. ನಮ್ಮ ಬಿಲ್ಲಿನ ಸ್ಥಿತಿ ನಮಗೇ ಗೊತ್ತಿಲ್ಲ ಎಂಬುದರಲ್ಲಿ ಇದೆ. ಕರೆಂಟು ಹೋಗುವುದು ನಮಗೆ ಅಭ್ಯಾಸ, ಅದು ಯಾಕೆ ಹೋಯಿತು ಎಂದು ತಿಳಿಯದಿರುವುದೂ ಅಭ್ಯಾಸ. ರಾತ್ರಿ ಒಂಬತ್ತೂವರೆಗೆ ಹಳ್ಳಿಯಲ್ಲಿ ಕರೆಂಟು ಹೋಗುವುದಕ್ಕೆ ಯಾವ ಕಳ್ಳನೂ ಬೇಕಾಗಿಲ್ಲ. ಸದಸ್ಯರೊಬ್ಬರ ಮನೆಯಲ್ಲಿ ಸಂದೇಶ ಬಂದ ದಿನವೇ ಎಂಟೂವರೆಗೆ ಕರೆಂಟು ಹೋಯಿತಂತೆ. "ಇನ್ನೂ ಒಂದು ತಾಸು ಮೊದಲೇ ಕಡಿದ್ರಲ್ರೀ!" ಎಂದು ಅವರು ನಂಬರಿಗೆ ಫೋನು ಮಾಡಿ ಅವನ ಮೇಲೆಯೇ ಸಿಟ್ಟಾದರು. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಊರೆಲ್ಲ ಕತ್ತಲೆ ಇದೆಯೋ, ನಮ್ಮ ಮನೆ ಮಾತ್ರವೋ ಎಂದು ಕಟ್ಟೆಗೆ ಬಂದು ನೋಡಿದ್ದರೆ ಸಾಕಿತ್ತು.

ನಾನು ಇದನ್ನು ಎತ್ತರದಲ್ಲಿ ನಿಂತು ಬರೆಯುತ್ತಿಲ್ಲ. ಎರಡು ವರ್ಷದ ಹಿಂದೆ ನನಗೇ ಇಂಥ ಸಂದೇಶ ಬಂದಾಗ ನಾನೂ ಆ ನಂಬರಿಗೆ ಫೋನು ಹಚ್ಚಿದವನೇ. ಪದವಿಯ ಸರ್ಟಿಫಿಕೇಟು ಗೋಡೆಯ ಮೇಲಿತ್ತು, ವಿದ್ಯುತ್ ಬಿಲ್ಲು ಎಲ್ಲಿತ್ತೋ ಗೊತ್ತಿರಲಿಲ್ಲ. ಬೇಸಿಗೆ ಬೇರೆ. ಕಾಫಿಗೆ ಹೂವಿನ ನೀರು ಕೊಟ್ಟು ಎರಡನೆಯ ನೀರಿನ ಹೊತ್ತು, ಅಡಿಕೆಯ ಎಳೆಗಾಯಿ ಉದುರುವ ಕಾಲ. ಪಂಪು ನಿಂತರೆ ಎಂಬ ಭಯ ಒಂದೇ ತಲೆಯಲ್ಲಿ. ಆ ಕಡೆ ಲೈನು ಬಿಡುವಿಲ್ಲದೆ ಇದ್ದುದರಿಂದ ನಾನು ಉಳಿದೆ, ಬುದ್ಧಿಯಿಂದ ಅಲ್ಲ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಒಂದೇ ಒಂದು ಮಾತು ಹಿಡಿದುಕೊಂಡರೆ ಸಾಕೆಂದು ನನಗೆ ಅನ್ನಿಸುತ್ತದೆ: "ಇಂದು ರಾತ್ರಿ" ಎಂಬ ಆ ಎರಡು ಶಬ್ದ. ನೀವು ನಿಜವಾಗಿ ಬಾಕಿ ಇದ್ದರೂ ಆ ಎರಡು ಶಬ್ದ ಸುಳ್ಳು. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮು ಈ ವಿಷಯಕ್ಕೇ ಇದೆ. ಹಣ ತುಂಬದ ಗ್ರಾಹಕನ ಸಂಪರ್ಕ ಕಡಿಯುವ ಅಧಿಕಾರವನ್ನು ಅದು ಕಂಪನಿಗೆ ಕೊಡುತ್ತದೆ. ಆದರೆ ಬರಹದಲ್ಲಿ ನೋಟಿಸು ಕೊಟ್ಟು, ಪೂರ್ತಿ 15 ದಿನಕ್ಕೆ ಕಡಿಮೆ ಇಲ್ಲದ ಅವಧಿ ಬಿಟ್ಟು, ಆಮೇಲೆ. ಸಂಜೆ ಏಳಕ್ಕೆ ತಿಳಿಸಿ ರಾತ್ರಿ ಒಂಬತ್ತೂವರೆಗೆ ಕಡಿಯುವುದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ. ಬಿಲ್ಲಿನ ಮೊತ್ತದ ಬಗ್ಗೆಯೇ ತಕರಾರಿದ್ದರೆ ಅದೇ ಕಲಮಿನಲ್ಲಿ ಮತ್ತೊಂದು ಅನುಕೂಲವಿದೆ. ಕೇಳಿದ ಮೊತ್ತವನ್ನಾಗಲಿ, ಹಿಂದಿನ ಆರು ತಿಂಗಳ ಸರಾಸರಿಯಂತೆ ಲೆಕ್ಕ ಹಾಕಿದ ಮೊತ್ತವನ್ನಾಗಲಿ, ಎರಡರಲ್ಲಿ ಕಡಿಮೆಯಾದದ್ದನ್ನು ತಕರಾರು ಸಹಿತ ತುಂಬಿದರೆ, ವಿವಾದ ತೀರುವ ವರೆಗೆ ಕಡಿಯುವಂತಿಲ್ಲ.

ಇದರ ಅರ್ಥ ಬಾಕಿ ಉಳಿಸಿಕೊಂಡರೂ ಚಿಂತೆಯಿಲ್ಲ ಎಂದಲ್ಲ. ಬಾಕಿ ಇದ್ದವರ ಮನೆಗೆ ಲೈನ್‌ಮನ್ ನಿಜವಾಗಿಯೂ ಬರುತ್ತಾರೆ, ಸಂಪರ್ಕವನ್ನೂ ತೆಗೆಯುತ್ತಾರೆ. ಬೆಂಗಳೂರಿನ ಬೆಸ್ಕಾಂ 2024ರ ಸೆಪ್ಟೆಂಬರಿನಿಂದ ಈ ಕೆಲಸವನ್ನು ಮೀಟರ್ ಓದುವ ದಿನವೇ ಮಾಡುವುದೆಂದು ಪ್ರಕಟಿಸಿತು. ಆದರೆ ಅಲ್ಲಿಯೂ ಬಿಲ್ಲು ಕೊಟ್ಟು, ತುಂಬಲು ಅವಧಿ ಕೊಟ್ಟು, ಅದು ಮುಗಿದ ಮೇಲೆ. ಹಗಲು ಹೊತ್ತಿನಲ್ಲಿ ನಿಮ್ಮ ಮೀಟರಿನ ಮುಂದೆ ನಿಂತ ಮನುಷ್ಯನಿಗೂ, ಎಲ್ಲಿಯೋ ಕುಳಿತು ಸಂದೇಶ ಕಳಿಸಿದವನಿಗೂ ವ್ಯತ್ಯಾಸ ಇದೆ.

ಇನ್ನು ನಮ್ಮಲ್ಲಿ ಅನೇಕರಿಗೆ ತುಂಬುವ ಬಿಲ್ಲೇ ಇಲ್ಲ ಎಂಬುದನ್ನು ನೆನಪಿಸಬೇಕು. 2023ರ ಗೃಹಜ್ಯೋತಿ ಯೋಜನೆಯಲ್ಲಿ ನೋಂದಾಯಿಸಿದ ಮನೆಗಳಿಗೆ, ತಮ್ಮ ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿ ಗೊತ್ತುಮಾಡಿದ ಮಿತಿಯೊಳಗೆ, 200 ಯುನಿಟ್ಟು ಮೀರದಂತೆ ಬಳಸಿದರೆ ಸೊನ್ನೆ ಬಿಲ್ಲು ಬರುತ್ತದೆ. ಹತ್ತು ಅಶ್ವಶಕ್ತಿಯ ವರೆಗಿನ ಕೃಷಿ ಪಂಪ್‌ಸೆಟ್ಟಿನ ಹಣವನ್ನು ಸರ್ಕಾರವೇ ಕಂಪನಿಗೆ ತುಂಬಿಕೊಡುತ್ತದೆ. ಕಾಫಿ ತೋಟದ ಪಂಪಿಗೆ ದರಪಟ್ಟಿಯಲ್ಲಿ ಬೇರೆ ವರ್ಗ ಇರುವುದರಿಂದ ಆ ಸದಸ್ಯರು ತಮ್ಮ ಬಿಲ್ಲನ್ನೇ ನೋಡಿಕೊಳ್ಳಬೇಕು. ಸೊನ್ನೆ ಬಿಲ್ಲಿನ ಮನೆಯವರು ಈ ಸಂದೇಶಕ್ಕೆ ಯಾಕೆ ಹೆದರುತ್ತಾರೆ ಎಂದು ಕೇಳಬಹುದು. ಸಂದೇಶ "ಹಣ ತುಂಬಿಲ್ಲ" ಎನ್ನುವುದಿಲ್ಲ, "ಅಪ್‌ಡೇಟ್ ಆಗಿಲ್ಲ" ಎನ್ನುತ್ತದೆ. ಗೃಹಜ್ಯೋತಿಗೆ ಆಧಾರ್ ಜೋಡಿಸಲು ಸಾಲಿನಲ್ಲಿ ನಿಂತವರಿಗೆ ಅಪ್‌ಡೇಟ್ ಎಂಬ ಶಬ್ದ ಕೇಳಿದರೆ ಏನೋ ಒಂದು ಉಳಿದಿದೆ ಎಂದೇ ಅನ್ನಿಸುತ್ತದೆ. ಆ ಶಬ್ದವನ್ನು ಆರಿಸಿದವನಿಗೆ ನಮ್ಮ ಸಾಲುಗಳ ಪರಿಚಯ ಚೆನ್ನಾಗಿಯೇ ಇದೆ.

ಪರೀಕ್ಷೆ ಮಾಡುವ ಕ್ರಮಕ್ಕೆ ಬರುತ್ತೇನೆ. ನಮ್ಮ ನಾಲ್ಕೂ ತಾಲೂಕಿಗೆ ವಿದ್ಯುತ್ ಕೊಡುವುದು ಹುಬ್ಬಳ್ಳಿಯ ಹೆಸ್ಕಾಂ. ಅದರೊಂದಿಗೆ ನಿಮ್ಮ ಸಂಬಂಧ ಇರುವುದು ನಿಮ್ಮ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರು ಮತ್ತು ಖಾತೆ ಐಡಿಯ ಮೂಲಕ. ಆದ್ದರಿಂದ ವಿಚಾರಣೆ ಬಿಲ್ಲಿನಿಂದ ಸುರುವಾಗಬೇಕು, ಸಂದೇಶದಿಂದ ಅಲ್ಲ. ಮೀಟರ್ ಓದುವವರು ಕೈಯಂತ್ರದಿಂದ ಹರಿದುಕೊಡುವ ಆ ಚೀಟಿಯಲ್ಲಿ ಬಿಲ್ಲಿನ ದಿನಾಂಕ, ತುಂಬುವ ಕೊನೆಯ ದಿನಾಂಕ, ಹಿಂದಿನ ಬಾಕಿ ಇವು ಇರುತ್ತವೆ. ಹಿಂದಿನ ಬಾಕಿಯ ಸಾಲಿನಲ್ಲಿ ಸೊನ್ನೆ ಇದ್ದು, ಕೊನೆಯ ದಿನಾಂಕ ಇನ್ನೂ ಬಂದಿಲ್ಲವಾದರೆ ವಿಚಾರ ಅಲ್ಲಿಗೇ ಮುಗಿಯಿತು. ಈ ಚೀಟಿಯ ಮಸಿ ಎರಡು ಮೂರು ತಿಂಗಳಲ್ಲಿ ಬಿಳಚಿಹೋಗುತ್ತದೆ. ಆರ್‌ಆರ್ ನಂಬರನ್ನು ಬಾಲ್ ಪೆನ್ನಿನಿಂದ ಮೀಟರ್ ಪೆಟ್ಟಿಗೆಯ ಒಳಬದಿಗೆ ಬರೆದಿಡುವುದು ಒಳ್ಳೆಯದು. ನಾನು ಹಾಗೆ ಮಾಡಿದ್ದೇನೆ.

ಬಿಲ್ಲು ಸಿಗದಿದ್ದರೆ ಅಥವಾ ತುಂಬಿದೆವೋ ಇಲ್ಲವೋ ಎಂದು ಅನುಮಾನ ಉಳಿದರೆ, ಮನೆಯ ಹುಡುಗರ ಫೋನಿನಲ್ಲಿರುವ ಯಾವುದೇ ಹಣ ಪಾವತಿಯ ಆ್ಯಪ್ ಉಪಯೋಗಕ್ಕೆ ಬರುತ್ತದೆ. ಅದನ್ನು ನೀವೇ ತೆರೆದು, ವಿದ್ಯುತ್ ಬಿಲ್ಲು ಎಂಬಲ್ಲಿ ಹೆಸ್ಕಾಂ ಆರಿಸಿ, ನಿಮ್ಮ ಸಂಖ್ಯೆ ಹಾಕಿದರೆ, ಅದು ಕಂಪನಿಯ ಲೆಕ್ಕದಿಂದಲೇ ಗ್ರಾಹಕರ ಹೆಸರನ್ನೂ ತುಂಬಬೇಕಾದ ಮೊತ್ತವನ್ನೂ ತಂದು ತೋರಿಸುತ್ತದೆ. ತುಂಬಬೇಕಾಗಿಲ್ಲ, ನೋಡಿ ಮುಚ್ಚಬಹುದು. ಬಾಕಿ ಇಲ್ಲದಿದ್ದರೆ ಬಿಲ್ಲು ಬಾಕಿ ಇಲ್ಲವೆಂದೇ ಹೇಳುತ್ತದೆ. ಒಂದು ಮಿತಿ ಇದೆ: ಹಿಂದಿನ ದಿನ ಕೌಂಟರಿನಲ್ಲಿ ತುಂಬಿದ ಹಣ ಕೆಲವೊಮ್ಮೆ ಅದರಲ್ಲಿ ಕಾಣಲು ತಡವಾಗುತ್ತದೆ. ಆಗ ಕೌಂಟರಿನ ರಸೀದಿಯೇ ನಿಮ್ಮ ಪುರಾವೆ.

ಮಾತಾಡಿಯೇ ಸಮಾಧಾನ ಆಗಬೇಕೆನ್ನುವವರಿಗೆ 1912 ಇದೆ. ಇದು ವಿದ್ಯುತ್ ದೂರಿಗೆಂದೇ ಇಟ್ಟ ನಾಲ್ಕಂಕಿಯ ನಂಬರು. ಎತ್ತಿದವರಿಗೆ ಮೊದಲು ಹೆಸ್ಕಾಂ ಗ್ರಾಹಕರು ಎಂದೂ, ತಾಲೂಕಿನ ಹೆಸರನ್ನೂ, ಆರ್‌ಆರ್ ನಂಬರನ್ನೂ ಹೇಳಿರಿ. ನಿಮ್ಮ ಬಾಕಿ ಎಷ್ಟೆಂದು ಕೇಳಿರಿ. ಮಳೆಗಾಳಿಯ ದಿನ ಈ ನಂಬರು ಸಿಗುವುದು ಕಷ್ಟ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸಿಗದಿದ್ದರೆ ಬೆಳಿಗ್ಗೆ ನಿಮ್ಮ ಊರಿನ ಶಾಖಾ ಕಚೇರಿಗೆ ಹೋಗಿರಿ. ಒಂದು ರಾತ್ರಿ ಕಾಯುವುದರಿಂದ ಏನೂ ಕೆಡುವುದಿಲ್ಲ ಎಂಬುದನ್ನು ಕಾಯ್ದೆಯ 15 ದಿನದ ಮಾತಿನಿಂದ ನೀವು ಈಗಾಗಲೇ ತಿಳಿದಿದ್ದೀರಿ.

ಮಾಡಬಾರದ್ದು ಒಂದಿದೆ, ಅದರಲ್ಲಿ ಓದಿದವರೇ ಹೆಚ್ಚು ಬೀಳುತ್ತಾರೆ. ಸಂದೇಶದ ನಂಬರನ್ನು ನಂಬದೆ, ಜಾಣರೆಂದುಕೊಂಡು, ಗೂಗಲಿನಲ್ಲಿ "ಹೆಸ್ಕಾಂ ಸಹಾಯವಾಣಿ" ಎಂದು ಹುಡುಕಿ ಮೊದಲು ಕಂಡ ನಂಬರಿಗೆ ಫೋನು ಮಾಡುವುದು. ಅಲ್ಲಿಯೂ ಕಳ್ಳರು ತಮ್ಮ ನಂಬರುಗಳನ್ನು ಸಹಾಯವಾಣಿ ಎಂದು ಹಾಕಿ ಕುಳಿತಿರುತ್ತಾರೆ. ಫೋನು ಬಂದಾಗ ಪರದೆಯ ಮೇಲೆ "ಎಲೆಕ್ಟ್ರಿಸಿಟಿ ಆಫೀಸರ್" ಎಂದು ಹೆಸರು ಮೂಡುವುದೂ, ವಾಟ್ಸಾಪಿನಲ್ಲಿ ಕಂಪನಿಯ ಲಾಂಛನ ಇರುವುದೂ ಪುರಾವೆ ಅಲ್ಲ. ಆ ಹೆಸರು, ಚಿತ್ರ ಎರಡನ್ನೂ ಅವರೇ ಹಾಕಿಕೊಳ್ಳಬಹುದು. ಅಧಿಕೃತ ಜಾಲತಾಣ ಬೇಕಾದರೆ hescom.karnataka.gov.in ಎಂದು ನೀವೇ ಬೆರಳಿನಿಂದ ಒತ್ತಿರಿ. ಕೊನೆಗೆ gov.in ಇರುವ ಹೆಸರನ್ನು ಖಾಸಗಿಯವರು ಕೊಳ್ಳಲು ಬರುವುದಿಲ್ಲ.

ಸಂದೇಶ ಎಲ್ಲಿಂದ ಬಂತೆಂಬುದೂ ಒಂದು ಸುಳಿವು. ಕಂಪನಿ, ಬ್ಯಾಂಕು ಮುಂತಾದವರು ಸಾವಿರಾರು ಜನರಿಗೆ ಸಂದೇಶ ಕಳಿಸಬೇಕಾದರೆ ಮೊದಲು ತಮ್ಮ ಹೆಸರಿನ ಅಕ್ಷರಗಳನ್ನು ನೋಂದಾಯಿಸಬೇಕು. ಅಂಥ ಸಂದೇಶದ ಮೇಲೆ ನಂಬರಿನ ಬದಲು ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. 2025ರಿಂದ ಅದರ ಕೊನೆಗೆ ಒಂದು ಗೆರೆ ಎಳೆದು ಇನ್ನೊಂದು ಅಕ್ಷರವೂ ಬರುತ್ತಿದೆ: ಸೇವೆಯದಾದರೆ S, ಸರ್ಕಾರದ್ದಾದರೆ G, ಜಾಹೀರಾತಾದರೆ P. ನಮ್ಮ ಸದಸ್ಯರಿಗೆ ಬಂದ ನಾಲ್ಕೂ ಸಂದೇಶಗಳು ಸಾದಾ ಹತ್ತಂಕಿಯ ನಂಬರಿನಿಂದ ಬಂದವು. ಹತ್ತಂಕಿಯಿಂದ ಬಂದದ್ದು ಕಂಪನಿಯದಲ್ಲ ಎಂದು ಧೈರ್ಯವಾಗಿ ತಿಳಿಯಬಹುದು. ಆದರೆ ಅಕ್ಷರದಿಂದ ಬಂದದ್ದೆಲ್ಲ ಸಾಚಾ ಎಂದು ಮಾತ್ರ ತಿರುವಿ ಓದಬೇಡಿರಿ.

ಹಣ ಹೋದ ನಮ್ಮ ಸದಸ್ಯರಿಗೆ ಮತ್ತೆ ಬರುತ್ತೇನೆ. ಅವರು ಆ ರಾತ್ರಿ ಯಾರಿಗೂ ಹೇಳಲಿಲ್ಲ. ಮರ್ಯಾದೆ ಅಡ್ಡ ಬಂತು. ಭಾನುವಾರವೂ ಸುಮ್ಮನಿದ್ದರು. ಸೋಮವಾರ ಮಧ್ಯಾಹ್ನ ಮಗ ಪಾಸ್‌ಬುಕ್ಕಿನ ಲೆಕ್ಕ ಕೇಳಿದಾಗ ಹೊರಬಿತ್ತು. ಆಮೇಲೆ 1930ಕ್ಕೆ ಫೋನು ಮಾಡಿದರು. ಹಣದ ಸೈಬರ್ ವಂಚನೆಗೆಂದೇ ಇರುವ ಈ ನಂಬರಿನ ಕೆಲಸ ಏನೆಂದು ತಿಳಿದುಕೊಂಡರೆ ಆತುರ ಯಾಕೆ ಬೇಕೆಂಬುದು ತಿಳಿಯುತ್ತದೆ. ಕದ್ದ ಹಣ ಒಂದೇ ಖಾತೆಯಲ್ಲಿ ನಿಲ್ಲುವುದಿಲ್ಲ. ಒಂದರಿಂದ ಎರಡು, ಎರಡರಿಂದ ಐದು ಖಾತೆಗಳಿಗೆ ಒಡೆದು ಹೋಗಿ, ಕೊನೆಗೆ ಎಲ್ಲಿಯೋ ಎಟಿಎಮ್ಮಿನಿಂದ ನೋಟಾಗುತ್ತದೆ. ದೂರು ದಾಖಲಾದೊಡನೆ ಅದು ಹಣ ಹೋದ ಬ್ಯಾಂಕಿಗೆ ಮುಟ್ಟುತ್ತದೆ, ಅಲ್ಲಿಂದ ಮುಂದಿನ ಬ್ಯಾಂಕಿಗೆ, ಮತ್ತೆ ಮುಂದಿನದಕ್ಕೆ. ಎಲ್ಲಿ ಹಣ ಇನ್ನೂ ಖಾತೆಯಲ್ಲಿದೆಯೋ ಅಲ್ಲಿ ತಡೆ ಬೀಳುತ್ತದೆ. ನೋಟಾದ ಮೇಲೆ ತಡೆಯುವುದಕ್ಕೆ ಏನೂ ಇಲ್ಲ. ನಮ್ಮವರ 49,500ರಲ್ಲಿ 8,200 ರೂಪಾಯಿ ಮಾತ್ರ ಒಂದು ಖಾತೆಯಲ್ಲಿ ಸಿಕ್ಕು ತಡೆಯಲ್ಲಿದೆ. ಅದನ್ನು ಬಿಡಿಸಿಕೊಳ್ಳಲು ಅವರು ಇನ್ನೂ ತಿರುಗುತ್ತಿದ್ದಾರೆ. ಶನಿವಾರ ರಾತ್ರಿಯೇ ಹೇಳಿದ್ದರೆ ಎಷ್ಟು ಉಳಿಯುತ್ತಿತ್ತೋ ಹೇಳಲಾರೆ. ಇದಕ್ಕಿಂತ ಕಡಿಮೆಯಂತೂ ಆಗುತ್ತಿರಲಿಲ್ಲ.

ಆ ಫೋನಿನಲ್ಲಿ ಕೇಳುವುದು ನಿಮ್ಮ ಹೆಸರು, ಬ್ಯಾಂಕು, ಖಾತೆ ನಂಬರು, ಹೋದ ಮೊತ್ತ, ಹೋದ ವೇಳೆ, ಮತ್ತು ಬ್ಯಾಂಕಿನ ಸಂದೇಶದಲ್ಲಿರುವ ವ್ಯವಹಾರದ ಸಂಖ್ಯೆ. ಆದ್ದರಿಂದ ಸಿಟ್ಟಿನಲ್ಲಿ ಸಂದೇಶಗಳನ್ನು ಅಳಿಸಬಾರದು. ಅದಕ್ಕೂ ಮೊದಲು ಫೋನಿನ ಇಂಟರ್‌ನೆಟ್ ಬಂದು ಮಾಡಿ, ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ, ಕಾರ್ಡು ಎರಡನ್ನೂ ನಿಲ್ಲಿಸಬೇಕು. ಕಳ್ಳನ ಆ್ಯಪ್ ಇರುವ ಫೋನಿನಿಂದಲೇ ಹೊಸ ಪಾಸ್‌ವರ್ಡು ಹಾಕಿದರೆ ಅದನ್ನೂ ಅವನಿಗೆ ಕೊಟ್ಟಂತೆ. ಆಮೇಲೆ cybercrime.gov.in ನಲ್ಲಿಯೋ ಹತ್ತಿರದ ಠಾಣೆಯಲ್ಲಿಯೋ ಬೆಳಗಾವಿಯ ಸಿಇಎನ್ ಠಾಣೆಯಲ್ಲಿಯೋ ಬರಹದ ದೂರು ಕೊಡಬೇಕು.

ಬ್ಯಾಂಕಿಗೆ ಬೇಗ ಹೇಳುವುದಕ್ಕೆ ಇನ್ನೂ ಒಂದು ಕಾರಣ ಇದೆ, ಅದು ಸಹಕಾರಿಗಳಾದ ನಮಗೆ ತಿಳಿದಿರಬೇಕು. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ವಾಣಿಜ್ಯ ಬ್ಯಾಂಕುಗಳಿಗೂ, ಅದೇ ವರ್ಷ ಡಿಸೆಂಬರ್ 14ರಂದು ಸಹಕಾರಿ ಬ್ಯಾಂಕುಗಳಿಗೂ ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ ತಪ್ಪು ಬ್ಯಾಂಕಿನದಾದರೆ ಗ್ರಾಹಕನಿಗೆ ನಷ್ಟವಿಲ್ಲ. ಗ್ರಾಹಕನ ಅಲಕ್ಷ್ಯದಿಂದ ಗುಟ್ಟಿನ ಸಂಖ್ಯೆ ಹೊರಬಿದ್ದಿದ್ದರೆ, ಅವನು ಬ್ಯಾಂಕಿಗೆ ತಿಳಿಸುವ ವರೆಗಿನ ನಷ್ಟ ಅವನದು, ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದು. ಪರದೆ ತೋರಿಸಿದ್ದನ್ನು ಬ್ಯಾಂಕುಗಳು ಸಾಮಾನ್ಯವಾಗಿ ಅಲಕ್ಷ್ಯ ಎಂದೇ ಎಣಿಸುತ್ತವೆ. ಹಾಗಾಗಿ ಮೊದಲ 25,000 ಹೋದಾಗಲೇ ತಿಳಿಸಿದ್ದರೆ, ಎರಡನೆಯ ಮೊತ್ತದ ಲೆಕ್ಕ ಬೇರೆ ಆಗುತ್ತಿತ್ತು. ತಿಳಿಸಿದ ವೇಳೆಯನ್ನೂ ದೂರಿನ ನಂಬರನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ.

ಹಣ ಹೋಗದಿದ್ದವರಿಗೂ ಒಂದು ಕೆಲಸ ಇದೆ. ಕೇಂದ್ರದ ದೂರಸಂಪರ್ಕ ಇಲಾಖೆ 2024ರ ಮಾರ್ಚಿನಲ್ಲಿ sancharsaathi.gov.in ತಾಣದಲ್ಲಿ "ಚಕ್ಷು" ಎಂಬ ವ್ಯವಸ್ಥೆ ತೆರೆಯಿತು. ಇಂಥ ಸಂದೇಶ ಬಂದಾಗ ಅದರ ನಂಬರನ್ನು ಅಲ್ಲಿ ಬರೆಯಬಹುದು. ಬರೆದು ಏನಾಗುತ್ತದೆ ಎಂದು ನಾನೂ ಮೂಗು ಮುರಿದವನೇ. ಆದರೆ ಅದೇ ವರ್ಷದ ಜೂನಿನಲ್ಲಿ ಇಲಾಖೆ ಒಂದು ಲೆಕ್ಕ ಹೊರಗೆ ಹಾಕಿತು. ವಿದ್ಯುತ್ ಬಿಲ್ಲಿನ ಇದೇ ಬಗೆಯ ವಂಚನೆಯ ಬಗ್ಗೆ ಜನ ಬರೆದ ಐದು ನಂಬರುಗಳನ್ನು ಹಿಡಿದು ಜಾಡು ತೆಗೆದಾಗ, ಆ ನಂಬರುಗಳ ಹಿಂದೆ 392 ಫೋನುಗಳು, ಅವುಗಳಲ್ಲಿ ಹಾಕಿ ತೆಗೆದು ಮಾಡಿದ 31,740 ಮೊಬೈಲ್ ಸಂಪರ್ಕಗಳು ಸಿಕ್ಕವು. ಒಂದು ಫೋನಿಗೆ ಸುಮಾರು ಎಂಬತ್ತು ಸಿಮ್ಮು! ಸಿಮ್ಮನ್ನು ಮಾತ್ರ ಬಂದು ಮಾಡಿದರೆ ಅವರು ಮರುದಿನ ಇನ್ನೊಂದು ಹಾಕುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ. ಅದಕ್ಕೇ ಇಲಾಖೆ ಆ 392 ಫೋನುಗಳನ್ನೇ ದೇಶದಲ್ಲೆಲ್ಲ ಕೆಲಸ ಮಾಡದಂತೆ ತಡೆಯಲು ಆಜ್ಞೆ ಮಾಡಿತು, ಅಷ್ಟೂ ಸಂಪರ್ಕಗಳನ್ನು ಮರುಪರಿಶೀಲಿಸಲು ಹೇಳಿತು. ಜನ ಬೇಸರಪಡದೆ ಬರೆದದ್ದರಿಂದ ಇಷ್ಟು ಎಳೆ ಹೊರಬಂತು.

ನಮ್ಮ ಸಂಘ ಏನು ಮಾಡಬಹುದೆಂದು ಕಳೆದ ಸಭೆಯಲ್ಲಿ ಮಾತು ಬಂತು. ಎಚ್ಚರಿಕೆಯ ಫಲಕ ಬರೆಸೋಣ ಎಂದು ಕೆಲವರು ಅಂದರು. ಫಲಕವನ್ನು ಎರಡನೆಯ ದಿನ ಯಾರೂ ಓದುವುದಿಲ್ಲ ಎಂದು ನನ್ನ ಅನುಭವ. ಗೊಬ್ಬರದ ಉಗ್ರಾಣದ ಮುಂದೆ "ಧೂಮಪಾನ ನಿಷೇಧ" ಎಂದು ಬರೆಸಿದ್ದೇವೆ, ಅದರ ಕೆಳಗೇ ಬೀಡಿಯ ತುಣುಕು ಬಿದ್ದಿರುತ್ತವೆ. ಬದಲಾಗಿ ಸದಸ್ಯರ ಪಾಸ್‌ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಪ್ರತಿಯೊಬ್ಬರ ಮನೆಯ ಮತ್ತು ತೋಟದ ಆರ್‌ಆರ್ ನಂಬರು, 1912, 1930 ಇಷ್ಟನ್ನು ಸಂಘದ ಗುಮಾಸ್ತರೇ ಬರೆದುಕೊಡುವ ವ್ಯವಸ್ಥೆ ಮಾಡಿದ್ದೇವೆ. ಅಡಿಕೆ ತೂಕಕ್ಕೆ ಬರುವಾಗ ಒಂದು ಹಳೆಯ ವಿದ್ಯುತ್ ಬಿಲ್ಲನ್ನು ಜತೆಗೆ ತನ್ನಿರಿ. ಮೀಟರು ತೀರಿಹೋದ ಹಿರಿಯರ ಹೆಸರಿನಲ್ಲೇ ಇದ್ದರೆ ಅದನ್ನೂ ಹೇಳಿರಿ. ಹೆಸರು ಬದಲಾವಣೆಯ ಅರ್ಜಿಯನ್ನು ತುಂಬಿಕೊಡಲು ಬುಧವಾರ ಮತ್ತು ಶನಿವಾರ ಬೆಳಿಗ್ಗೆ ಹನ್ನೊಂದರಿಂದ ಒಂದರ ವರೆಗೆ ನಾನು ಕಚೇರಿಯಲ್ಲಿ ಇರುತ್ತೇನೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ